ಸಿಂಧೂರದ ಕೆಳಗಿನ ನಾಲ್ಕು ಸಾಲು

ಚಟ್ಟವನ್ನು ಘಾಟಿನ ಎರಡನೆಯ ಮೆಟ್ಟಿಲಿನಲ್ಲೇ ತಡೆದರು. ಹೊತ್ತ ನಾಲ್ವರಲ್ಲಿ ಮುಂದಿನ ಇಬ್ಬರು ಮೆಟ್ಟಿಲ ಮೇಲೆ, ಹಿಂದಿನ ಇಬ್ಬರು ಇನ್ನೂ ಕೆಸರಿನಲ್ಲಿ. ತಾಯಿಯ ತಲೆ ಮೇಲಾಗಿ, ಕಾಲು ಕೆಳಗಾಗಿ ವಾಲಿದ್ದನ್ನು ಛಾಯಾ ತಿರುಗಿ ನೋಡಿದಳು. ಅವಳ ಕೈಯಲ್ಲಿ ಮೂರು ಬಿದಿರುಕಡ್ಡಿಗಳಿಗೆ ತೂಗುಬಿಟ್ಟ ಮಡಕೆಯಿತ್ತು. ಮನೆಯಿಂದ ಹೊತ್ತಿಸಿ ತಂದ ಬೆರಣಿಯ ಕೆಂಡ ಅದರಲ್ಲಿ ಹೊಗೆಯಾಡುತ್ತಿತ್ತು.

"ಇಲ್ಲೇ ನಿಲ್ಲಿಸ್ರಿ," ಎಂದ ಘಾಟು ಸಮಿತಿಯ ಅಧ್ಯಕ್ಷ ಆನಂದರಾವ್ ಜಗದಾಳೆ. ಬಿಳಿ ಟೋಪಿ, ಬಿಳಿ ಅಂಗಿ, ಹೆಗಲ ಮೇಲೆ ದುಃಖಕ್ಕೆಂದೇ ಹಾಕಿಕೊಂಡು ಬಂದ ಬಿಳಿ ಟವೆಲ್ಲು. "ಇಂದುಮತಿ ಬಾಯಿ ನಮ್ಮೂರಿನ ಮಕ್ಕಳಿಗೆ ಸಂಸ್ಕೃತ ಕಲಿಸ್ಯಾರ. ನಮಗೂ ಸಂಕಟ ಐತಿ. ಆದ್ರ ನಿಮ್ಮ ಮಂದಿ ಜಾಗಾ ಕೆಳಗಿಂದು."

"ಕೆಳಗಿನ ಜಾಗಾ ಎಲ್ಲೈತಿ, ತೋರಸ್ರಿ ದಾದಾ," ಎಂದಳು ಛಾಯಾ.

ಎಲ್ಲರೂ ಕೆಳಗೆ ನೋಡಿದರು. ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಛಾಯಾಳ ಕೇರಿ ಮಾಂಗವಾಡೆಯ ಸುಡುಗಾಡು ಇದ್ದಲ್ಲಿ ಒಂದು ಜಾಲಿಗಿಡದ ತುದಿ ಮಾತ್ರ ನೀರಿನ ಮೇಲಿತ್ತು.

"ಎರಡು ದಿನ ಬಿಟ್ರ ನೀರು ಇಳಿತೈತಿ."

"ಎರಡು ದಿನ ನನ್ನ ತಂಗಿನ್ನ ಎಲ್ಲಿ ಇಡಲಿ, ನಿಮ್ಮ ಹಾಲಿನ ಡೇರಿಯಾಗ ಇಡಲೇನು?" ಎಂದು ಕೆಸರಿನಲ್ಲಿ ನಿಂತೇ ಕೇಳಿದ ದತ್ತು ಮಾಮಾ. ಎಪ್ಪತ್ತೆರಡು ವರ್ಷದ ಅವನ ಹೆಗಲು ಚಟ್ಟದ ಕೆಳಗೆ ನಡುಗುತ್ತಿತ್ತು. "ಮ್ಯಾಲಿನ ತಗಡಿನ ಶೆಡ್ಡು ಸರ್ಕಾರದ ರೊಕ್ಕದಾಗ ಕಟ್ಟಿದ್ದು. ನಿಮ್ಮಪ್ಪ ಕಟ್ಟಿದ್ದಲ್ಲ."

ಜಗದಾಳೆಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳದೆಯೇ ಗೆದ್ದು ಅಭ್ಯಾಸವಾದ ಮನುಷ್ಯ. ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ ಆಳೆತ್ತರದ ಕಲ್ಲಿನತ್ತ ಕೈ ಮಾಡಿದ. ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಎಣ್ಣೆ ಸಿಂಧೂರ ಬಳಿದು ಬಳಿದು ಬೆರಳು ದಪ್ಪದ ಕಿತ್ತಳೆ ಹೊದಿಕೆ ಹೊದ್ದು ನಿಂತಿತ್ತು. ಎದುರಿಗೆ ಒಡೆದ ತೆಂಗಿನಕಾಯಿ.

"ಶೆಡ್ಡು ಸರ್ಕಾರದ್ದು, ಖರೆ. ಘಾಟು ದೇವರದು. ಯಾರು ಇಲ್ಲಿ ಸುಡಬೇಕು ಅಂತ ಘಾಟೋಬಾನ ಮೈಮ್ಯಾಲೆ ಹಿರಿಯರು ಬರೆಸಿ ಇಟ್ಟಾರ. ಹನ್ನೆರಡು ಮನೆತನದವರು. ನಾ ಮಾಡಿದ ಕಾನೂನಲ್ಲ ಇದು."

"ಓದೀರೇನು ನೀವು?"

"ದೇವರನ್ನ ಓದ್ತಾರೇನವಾ? ಕೈ ಮುಗಿತಾರ."

ಮಡಕೆಯ ಹೊಗೆ ತೆಳುವಾಗುತ್ತಿತ್ತು. ಛಾಯಾ ಬಾಗಿ ಊದಿದಳು.

*

ಮೂರು ವರ್ಷದ ಹಿಂದಿನ ಮಹಾಪೂರದಲ್ಲಿ ಘಾಟೋಬಾ ನಾಲ್ಕು ದಿನ ನೀರಿನಲ್ಲಿ ನಿಂತಿದ್ದ. ನೀರು ಇಳಿದ ದಿನ ಸಿಂಧೂರದ ಹೊದಿಕೆ ಆಮೆಯ ಚಿಪ್ಪಿನಂತೆ ಒಂದೇ ತುಂಡಾಗಿ ಕಳಚಿ ಬಿತ್ತು. ಬಳೆ ಅಂಗಡಿಯ ಸಲ್ಮಾ ಮುಲಾಣಿ ಕೆಸರು ನೋಡಲು ಹೋದವಳು ಬರಿ ಕಲ್ಲನ್ನು ಕಂಡಳು. ಅದರ ಮೇಲೆ ಅಕ್ಷರಗಳನ್ನು ಕಂಡಳು. ಫೋಟೋ ತೆಗೆದು ತನ್ನ ಹಳೆಯ ಸಂಸ್ಕೃತದ ಟೀಚರಿಗೆ ಕಳಿಸಿದಳು. 'ಬಾಯಿ, ಇದನ್ನ ಬಿಡಿಸಿ ಹೇಳ್ರಿ.'

ಹಾಗೆ ಕಳಿಸುವುದು ಊರಿಗೇ ರೂಢಿ. ಮದುವೆ ಕಾಗದದ ಶ್ಲೋಕ, ಲಾರಿಯ ಹಣೆಯ ಶ್ಲೋಕ, ಆಸ್ಪತ್ರೆಯ ಗೋಡೆಯ ಶ್ಲೋಕ, ಯಾವುದೇ ಇರಲಿ, ಫೋಟೋ ತೆಗೆದು ಇಂದುಮತಿ ಆವಳೆ ಬಾಯಿಗೆ ಕಳಿಸುವುದು. ಮೂವತ್ತೊಂದು ವರ್ಷ ಕಲಿಸಿ ನಿವೃತ್ತಳಾದ ಆಕೆ, ಮಾಂಗವಾಡೆಯ ಎರಡು ಕೋಣೆಯ ಮನೆಯಲ್ಲಿ ಕನ್ನಡಕ ಏರಿಸಿಕೊಂಡು ಕೂತು ಬಿಡಿಸುತ್ತಿದ್ದಳು. ಮದುವೆ ಕಾಗದ ಬರುತ್ತಿತ್ತು, ಮದುವೆಗೆ ಕರೆ ಬರುತ್ತಿರಲಿಲ್ಲ.

ಬಸ್ಸಿನ ಡ್ಯೂಟಿ ಮುಗಿಸಿ, ಟಿಕೆಟ್ ಮಶಿನು ಹೆಗಲಿಂದ ಇಳಿಸಿದ ಛಾಯಾಳನ್ನು ಆಕೆ ಕೈ ಹಿಡಿದು ಕೂರಿಸಿದಳು.

"ನೋಡಿಲ್ಲಿ. ಮೂರನೇ ಸಾಲಿನಾಗ ಒಂದು ಅಕ್ಷರ ಚಕ್ಕೆ ಎದ್ದೈತಿ. ಏನಿರಬೇಕು?"

"ನನಗೇನು ಗೊತ್ತಾಗ್ತದ ಆಯೀ. ಮೊದಲು ಚಹಾ ಕೊಡು."

"ಎಣಸು. ಅನುಷ್ಟುಭ್ ಇದು, ಸಾಲಿಗೆ ಎಂಟೇ ಅಕ್ಷರ. ನ, ತ, ಸ್ಯ, ಪೃ, ಆಮೇಲೆ ಚಕ್ಕೆ, ಆಮೇಲೆ ತಾಂ, ಜಾ, ತಿಃ. ಒಂದೇ ಅಕ್ಷರ ಹೋಗೈತಿ. ಐದನೇದು. ಐದನೇದು ಯಾವಾಗಲೂ ಹ್ರಸ್ವ ಇರಬೇಕು. ಕೆಳಗ ಯಕಾರದ ಬಾಲ ಉಳದೈತಿ, ಕಾಣ್ತದೇನು?" ಬೆರಳಿಂದ ಫೋಟೋ ಹಿಗ್ಗಿಸಿದಳು. "ಪೃಚ್ಛ್ಯತಾಂ. ಬ್ಯಾರೆ ಯಾವುದೂ ಇಲ್ಲಿ ಕೂಡೂದಿಲ್ಲ."

ಆಮೇಲೆ ನಾಲ್ಕೂ ಸಾಲನ್ನು ಮತ್ತೆ ಮತ್ತೆ ಓದಿದಳು. ಚಹಾ ಆರಿತು. ನಂತರ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಪದ ಪದ ಬಿಡಿಸಿ ಬರೆದು ಹಾಕಿದಳು, ಕೊನೆಗೆ ತನ್ನ ರೂಢಿಯಂತೆ ಮನೆಬಳಕೆಯ ಒಂದು ಉದಾಹರಣೆ ಸೇರಿಸಿ.

ಇಪ್ಪತ್ತು ನಿಮಿಷದಲ್ಲಿ ಅವಳನ್ನು ಗುಂಪಿನಿಂದ ತೆಗೆದರು. ಗುಂಪಿನ ಯಜಮಾನ ಜಗದಾಳೆಯ ಅಳಿಯ. ಮರುದಿನವೇ ಐದು ಕಿಲೋ ಸಿಂಧೂರ ಬಂತು, ಬ್ಯಾಂಡು ಬಂತು, ಘಾಟೋಬಾನ ಮೈ ಮತ್ತೆ ಮುಚ್ಚಿತು.

ಘಾಟಿನ ಪುರೋಹಿತ ಗಜಾನನ ಅಭ್ಯಂಕರ್ ಗುರುಜಿ ಫೋನು ಮಾಡಿದ್ದರು. ಹದಿನೈದು ವರ್ಷ ಅದೇ ಶಾಲೆಯಲ್ಲಿ ಅವಳ ಜೊತೆ ಕಲಿಸಿದವರು. "ಬಾಯಿ, ನಿಮ್ಮ ಅರ್ಥ ಸರಿಯದ. ನಾನೇ ಬಿಡಿಸಿದ್ರೂ ಹಿಂಗೇ ಬಿಡಸ್ತಿದ್ದೆ. ಆದ್ರ ಎಲ್ಲಾರ ಮುಂದ ಹಾಕಬಾರದಿತ್ತು."

"ಹಂಗಾರ ಯಾರ ಮುಂದ ಹಾಕಬೇಕಿತ್ತು ಗುರುಜಿ?" ಎಂದು ಕೇಳಿ ಆಕೆ ಫೋನಿಟ್ಟಳು. ಅವತ್ತು ಮಗಳಿಗೆ ಹೇಳಿದಳು: "ನಾ ಸತ್ರ ಅಲ್ಲೇ ಒಯ್ಯಿ. ಆ ಕಲ್ಲಿನ ಮಗ್ಗಲಿಗೆ."

*

ಅದೇ ಗುರುಜಿ ಈಗ ಶೆಡ್ಡಿನ ನೆರಳಿನಲ್ಲಿ ಶಾಲು ಹೊದ್ದು, ನೆಲ ನೋಡುತ್ತ ನಿಂತಿದ್ದರು. ಛಾಯಾ ಮಡಕೆಯನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಫೋನು ತೆಗೆದಳು. ಮೆಟ್ಟಿಲೇರಿ ಅವರ ಮುಖದ ಮುಂದೆ ಹಿಡಿದಳು.

"ಓದ್ರಿ ಗುರುಜಿ. ಕಲ್ಲು ಮುಚ್ಚೀರಿ, ಫೋಟೋ ಮುಚ್ಚಿಲ್ಲ."

"ಛಾಯಾ, ಇದು ಹೊತ್ತಲ್ಲ ಮಗಳೇ."

"ನಮ್ಮವ್ವನ ಹೆಣ ಮೆಟ್ಟಿಲ ಮ್ಯಾಲೆ ವಾಲೈತಿ. ಇನ್ನ ಯಾವ ಹೊತ್ತು ಬರಬೇಕ್ರಿ?"

ಹಿಂದೆ ಜನ ಸೇರಿದ್ದರು. ಅಂಗಡಿ ಮುಚ್ಚಿ ಬಂದ ಸಲ್ಮಾ, ಡೇರಿಯಲ್ಲಿ ಹಾಲು ಅಳೆಯುವವರು, ಪೋಸ್ಟಿನ ಹುಡುಗಿ. ಜಗದಾಳೆಯ ಮನೆತನದವರೇ ನಾಲ್ಕೈದು ಮಂದಿ ಇದ್ದರು. ಎಲ್ಲರೂ ಒಂದಲ್ಲ ಒಂದು ವರ್ಷ ಬಾಯಿಯ ಕ್ಲಾಸಿನಲ್ಲಿ ಕೂತವರು. ಗುರುಜಿ ಕಣ್ಣೆತ್ತಿ ಅವರನ್ನು ನೋಡಿದರು, ಜಗದಾಳೆಯನ್ನು ನೋಡಿದರು. ಆಮೇಲೆ ಓದಿದರು. ದನಿ ಸಣ್ಣದಿತ್ತು, ಉಚ್ಚಾರ ಮಾತ್ರ ಚೊಕ್ಕ.

"ಯಃ ಕಶ್ಚಿದಿಹ ದೇಹಾಂತೇ
ದಾರುಭಿಃ ಸಹ ನೀಯತೇ |
ನ ತಸ್ಯ ಪೃಚ್ಛ್ಯತಾಂ ಜಾತಿಃ
ಸಮಂ ದಹತಿ ಪಾವಕಃ ||"

"ಆತಲ್ಲ, ಓದಿದ್ರು," ಎಂದ ಜಗದಾಳೆ. "ಮಂತ್ರ ಅದು. ಮುಗೀತು."

"ಮುಗಿದಿಲ್ಲ. ಪದ ಬಿಡಿಸ್ರಿ."

ಗುರುಜಿ ತುಟಿ ಒರೆಸಿಕೊಂಡರು. "ಯಃ ಕಶ್ಚಿತ್ ಅಂದ್ರ ಯಾವನೇ ಆಗಲಿ, ಯಾರೇ ಆಗಲಿ. ಇಹ, ಇಲ್ಲಿ. ಕಶ್ಚಿತ್, ಇಹ ಕೂಡಿ ಕಶ್ಚಿದಿಹ ಆಗ್ಯದ. ದೇಹಾಂತೇ, ದೇಹದ ಅಂತ್ಯದಾಗ, ಅಂದ್ರ ಸತ್ತಾಗ. ದಾರುಭಿಃ ಸಹ, ಕಟ್ಟಿಗೆಗಳ ಜೊತಿ. ನೀಯತೇ, ಒಯ್ಯಲ್ಪಡ್ತಾನ, ತರ್ತಾರ." ನಿಂತರು. "ಮುಂದ, ಸಮಂ ದಹತಿ ಪಾವಕಃ. ಪಾವಕ ಅಂದ್ರ ಅಗ್ನಿ..."

"ಒಂದು ಸಾಲು ಹಾರಿಸಿದ್ರಿ," ಎಂದಳು ಸಲ್ಮಾ ಹಿಂದಿನಿಂದ. "ಬಾಯಿ ಹಾರಸಾಕ ಬಿಡ್ತಿದ್ದಿಲ್ಲ. ನಾನೊಮ್ಮೆ ಹಾರಿಸಿ ಇಡೀ ತಾಸು ನಿಂತಿದ್ದೆ."

ಯಾರೋ ನಕ್ಕರು. ಗುರುಜಿ ನಗಲಿಲ್ಲ, ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. ಆ ಒಂದು ಸಾಲನ್ನು ಮೂರು ವರ್ಷ ನುಂಗಿಕೊಂಡು ದಕ್ಷಿಣೆ ಎಣಿಸಿದ ಮನುಷ್ಯ ಇವರು ಎಂದು ಛಾಯಾಗೆ ಅನ್ನಿಸಿತು.

"ನ, ಬ್ಯಾಡ," ಎಂದಳು ಸಲ್ಮಾ.

"ತಸ್ಯ, ಅವನ," ಎಂದಿತು ಪೋಸ್ಟಿನ ಹುಡುಗಿಯ ದನಿ.

"ಜಾತಿಃ, ಜಾತಿ. ಇದಕ್ಕೇನು ಬಿಡಸೋದೈತಿ," ಎಂದ ಡೇರಿಯವನೊಬ್ಬ. ಅವನ ಮನೆತನದ ಹೆಸರೂ ಜಗದಾಳೆಯೇ.

"ಪೃಚ್ಛ್ಯತಾಂ, ಕೇಳಲ್ಪಡಲಿ. ನ ಪೃಚ್ಛ್ಯತಾಂ, ಕೇಳಬಾರದು," ಎಂದು ನಾಲ್ಕಾರು ಜನ ಒಟ್ಟಿಗೇ ಅಂದರು.

"ಈಗ ಅನ್ವಯ," ಎಂದಳು ಛಾಯಾ. ಅವಳು ಸಂಸ್ಕೃತದಲ್ಲಿ ನಪಾಸಾದವಳು. ಆದರೆ ಈ ಮಾತಿನ ಸರದಿ ಅವಳಿಗೆ ಅವ್ವನ ಬೈಗುಳದಷ್ಟೇ ಬಾಯಿಪಾಠ: ಮೊದಲು ಪದ, ಆಮೇಲೆ ಅನ್ವಯ, ಆಮೇಲೆ ಅರ್ಥ, ಕೊನೆಗೆ ಉದಾಹರಣೆ. "ಮಾತಾಡೋ ಹಂಗ ಜೋಡಸ್ರಿ."

ಸಲ್ಮಾ ಮುಂದೆ ಬಂದಳು. "ಯಃ ಕಶ್ಚಿತ್ ದೇಹಾಂತೇ ದಾರುಭಿಃ ಸಹ ಇಹ ನೀಯತೇ, ತಸ್ಯ ಜಾತಿಃ ನ ಪೃಚ್ಛ್ಯತಾಮ್, ಪಾವಕಃ ಸಮಂ ದಹತಿ. ಸತ್ತ ಮ್ಯಾಲೆ ಕಟ್ಟಿಗಿ ಜೋಡಿ ಯಾರನ್ನೇ ಇಲ್ಲಿಗೆ ತರಲಿ, ಅವರ ಜಾತಿ ಕೇಳಬ್ಯಾಡ್ರಿ. ಬೆಂಕಿ ಎಲ್ಲಾರನ್ನೂ ಸಮ ಸುಡತೈತಿ."

"ಉದಾಹರಣೆ?"

"ಗುಂಪಿನಾಗ ಬಾಯಿ ಬರೆದಿದ್ದೇ ಹೇಳತೇನಿ. 'ಜಗದಾಳೆ ವಾಡೆಯ ಕುಕ್ಕರಿಗೆ ಬ್ಯಾಳಿ ಬೇಯಾಕ ಮೂರು ಸೀಟಿ. ಮಾಂಗವಾಡೆಯ ಕುಕ್ಕರಿಗೂ ಮೂರೇ ಸೀಟಿ. ಗ್ಯಾಸಿನ ಒಲಿ ಒಮ್ಮೆಯೂ ಕೇಳಿಲ್ಲ, ಇದು ಯಾರ ಬ್ಯಾಳಿ ಅಂತ. ಒಲಿಗೆ ಇರೋ ಬುದ್ಧಿ ನಮಗ ಬರಲಿ ಅಂತ ಇದನ್ನ ಕಲ್ಲಿನಾಗ ಕೊರದಾರ.' ಇಷ್ಟಕ್ಕ ಬಾಯಿನ್ನ ಗುಂಪಿಂದ ಹೊರಗ ಹಾಕಿದ್ರಿ."

ಜಗದಾಳೆ ಟವೆಲ್ಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡ.

"ಫೋಟೋ ಯಾರು ಬೇಕಾದ್ರೂ ತಯಾರ ಮಾಡತಾರ ಈಗಿನ ಕಾಲದಾಗ," ಎಂದ. "ಗುರುಜಿ, ಹೇಳ್ರಿ. ಇದು ಸುಳ್ಳು ಅಂತ ಹೇಳ್ರಿ."

ಗುರುಜಿ ಕಲ್ಲನ್ನು ನೋಡಿದರು. "ಸುಳ್ಳು ಅಂತ ಹೆಂಗ ಹೇಳಲಿ ದಾದಾ," ಎಂದರು. ಅಷ್ಟೇ. ಸತ್ಯ ಎಂದು ಹೇಳುವಷ್ಟು ಗಂಡಸುತನ ಆಗಲೂ ಬರಲಿಲ್ಲ. ಆದರೆ ದಾರಿ ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

ಛಾಯಾ ಕೆಳಗೆ ತಿರುಗಿದಳು. "ಏರಿಸ್ರಿ."

ದತ್ತು ಮಾಮಾನ ಹೆಗಲಿನ ಕೆಳಗೆ ಡೇರಿಯ ಜಗದಾಳೆ ತನ್ನ ಹೆಗಲು ಕೊಟ್ಟ. ಸಲ್ಮಾ ಬಿದಿರು ಹಿಡಿದಳು, ಪೋಸ್ಟಿನ ಹುಡುಗಿ ಹಿಡಿದಳು. ಅಧ್ಯಕ್ಷ ಮೆಟ್ಟಿಲ ನಡುವೆ ಕೈ ಅಗಲಿಸಿ ನಿಂತ. ಚಟ್ಟ ಅವನ ಎದೆಯವರೆಗೂ ಬಂತು. ಹೆಣ ಮೈಗೆ ತಾಗೀತೆಂದು ಅವನೇ ಹಿಂದೆ ಹಾರಿದ. ಹಾಗೆ ಹಾರುವಾಗ ಟೋಪಿ ಕೆಸರಿಗೆ ಬಿತ್ತು, ಯಾರೂ ಎತ್ತಿಕೊಡಲಿಲ್ಲ.

*

ಇಂದುಮತಿ ಬಾಯಿ ಕೆಲಸಕ್ಕೆ ಸೇರಿದ ಮೊದಲ ದಿನ ಎಂಟನೆಯ ತರಗತಿಯ ಮಕ್ಕಳು ಬೋರ್ಡಿನ ಮೇಲೆ ಒಂದು ಬೈಗುಳ ಬರೆದಿಟ್ಟಿದ್ದರು. ಅವಳ ಜಾತಿಯ ಹೆಸರು, ಮುಂದೆ ಎರಡು ಪದ. ಆಕೆ ಅಳಿಸಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಒಂದೊಂದೇ ಪದದ ನಡುವೆ ಗೆರೆ ಎಳೆದಳು. "ಬರೆದವರು ಮುಂದ ಬರ್ರಿ. ಪದ ಬಿಡಿಸಿ ಅರ್ಥ ಹೇಳ್ರಿ. ಅರ್ಥ ಗೊತ್ತಿಲ್ಲದ್ದನ್ನ ನನ್ನ ಕ್ಲಾಸಿನಾಗ ಯಾರೂ ಬರೆಯಂಗಿಲ್ಲ."

ಯಾರೂ ಬರಲಿಲ್ಲ. ಪೂರ್ತಿ ತಾಸು ಆಕೆ ಸೀಮೆಸುಣ್ಣ ಚಾಚಿಕೊಂಡು ನಿಂತಿದ್ದಳು.

*

ಶೆಡ್ಡಿನಲ್ಲಿ ಕಟ್ಟಿಗೆ ಒಟ್ಟಿ ಚಿತೆ ಮಾಡುವ ಹೊತ್ತಿಗೆ ಮಡಕೆಯಲ್ಲಿ ಒಂದೇ ಕೆಂಡ ಉಳಿದಿತ್ತು. ಅದು ಸಾಕಾಯಿತು. ಒಣಹುಲ್ಲು ಹಿಡಿಯಿತು, ಬೆರಣಿ ಹಿಡಿಯಿತು, ತಗಡಿನ ಕೆಳಗೆ ಬೆಂಕಿ ನೆಟ್ಟಗೆ ಎದ್ದಿತು. ಛಾಯಾ ಹಿಂದೆ ಸರಿದು ಮೆಟ್ಟಿಲ ಮೇಲೆ ಕೂತಳು. ಕಣ್ಣಲ್ಲಿ ನೀರಿರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಒಂದು ಹೆಣ ಸುಡಲು ಇಷ್ಟು ಓದಬೇಕಾಯಿತಲ್ಲ, ಓದು ಬರದವರ ಹೆಣಗಳೆಲ್ಲ ಎಷ್ಟು ಮಳೆಗಾಲ ನೀರಿಗೆ ಹೋದವೋ ಎಂಬ ಲೆಕ್ಕ ಅವಳ ತಲೆಯಲ್ಲಿ ನಿಲ್ಲದೆ ಸುತ್ತುತ್ತಿತ್ತು.

"ಅಲ್ಲಿ ನೋಡು," ಎಂದ ದತ್ತು ಮಾಮಾ.

ಚಿತೆಯ ಮಗ್ಗುಲಲ್ಲೇ ಇದ್ದ ಕಲ್ಲು ಬೆವರುತ್ತಿತ್ತು. ಎಣ್ಣೆ ಕರಗಿ ಸಿಂಧೂರ ಎಳೆ ಎಳೆಯಾಗಿ ಇಳಿಯುತ್ತಿತ್ತು. ದೊಡ್ಡದೊಂದು ಹಕ್ಕಳೆ ಸಡಿಲಾಗಿ ಜಾರಿ ತೆಂಗಿನಕಾಯಿಯ ಮೇಲೆ ಬಿತ್ತು. ಅದರ ಹಿಂದಿನ ಕರಿಕಲ್ಲಿನಲ್ಲಿ ಮೂರನೆಯ ಸಾಲಿನ ಮೊದಲಕ್ಷರ ಕಂಡಿತು, ಆಮೇಲೆ ಅದರ ಮಗ್ಗುಲಿನದು.

ಆನಂದರಾವ್ ಜಗದಾಳೆ ಎಲ್ಲಿಂದಲೋ ಸಿಂಧೂರದ ಡಬ್ಬಿ ತರಿಸಿಕೊಂಡಿದ್ದ. ಬರಿತಲೆಯಲ್ಲಿ, ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಕಲ್ಲಿನತ್ತ ಒಂದು ಹೆಜ್ಜೆ ಇಟ್ಟ. ಝಳ ಮುಖಕ್ಕೆ ಬಡಿಯಿತು. ಹಿಂದೆ ಬಂದ. ಇನ್ನೊಂದು ಬದಿಯಿಂದ ಹೋಗಿ ನೋಡಿದ. ಅಲ್ಲೂ ಅಷ್ಟೇ ಝಳ. ಡಬ್ಬಿ ಹಿಡಿದುಕೊಂಡು, ಕೈ ಮುಖಕ್ಕೆ ಅಡ್ಡ ಮಾಡಿಕೊಂಡು, ಬೆಂಕಿ ಇಳಿಯಲೆಂದು ಕಾಯುತ್ತ ನಿಂತ. ಬೆಂಕಿ ಇನ್ನೂ ಏರುತ್ತಿತ್ತು.