ಹತ್ತು ಉಸಿರು

ಮುಂಡಪ್ಪ ಒದ್ದ ರಭಸಕ್ಕೆ ಕ್ಲಿನಿಕ್ಕಿನ ಗಾಜಿನ ಬಾಗಿಲು ಗೋಡೆಗೆ ಬಡಿದು ಚೂರುಚೂರಾಯಿತು. ಅವನ ಎದೆಗೆ ಒತ್ತಿಕೊಂಡ ಬೈರಾಸು ಟವೆಲಿನೊಳಗೆ ಬಿಳಿ ಬೆಕ್ಕೊಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿತ್ತು.

"ಹೊಟ್ಟೆಯಲ್ಲಿ ಕೂದಲುಂಡೆ ಅಂತ ಹೇಳಿದ್ದು ನೀನೇ ಅಲ್ವಾ?" ಎನ್ನುತ್ತಲೇ ಅವನ ಕೈ ಬೀಸಿತು. ಡಾಕ್ಟರ್ ಪ್ರಾಪ್ತಿಗೆ ಏಟು ಬಿದ್ದದ್ದು ತಿಳಿಯುವ ಮೊದಲು ಬಾಯಿಯಲ್ಲಿ ರಕ್ತದ ರುಚಿ ತಿಳಿಯಿತು.

ಪ್ರಾಪ್ತಿ ಮೂಡುಬಿದಿರೆಯಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್ ತೆರೆದು ಎರಡು ವರ್ಷವಾಗಿತ್ತಷ್ಟೆ. ಸಹಾಯಕಿ ಸರಸ ಒಳಗಿನಿಂದ ಓಡಿ ಬಂದವಳು ಸಲೈನ್ ಸ್ಟ್ಯಾಂಡನ್ನೇ ಎತ್ತಿ ಹಿಡಿದಳು. ಮುಂಡಪ್ಪನ ಕೈ ಮತ್ತೊಮ್ಮೆ ಮೇಲೆದ್ದಿತ್ತು.

"ಹೊಡೆಯುವುದಿದ್ದರೆ ಆಮೇಲೆ ಹೊಡೀರಿ," ಎಂದಳು ಪ್ರಾಪ್ತಿ. "ಬೆಕ್ಕಿನ ನಾಲಿಗೆ ನೀಲಿಯಾಗಿದೆ. ಮೊದಲು ಕೆಳಗಿಡಿ. ನೀವು ಬೊಬ್ಬೆ ಹಾಕಿದಷ್ಟೂ ಅದು ಹೆದರ್ತದೆ, ಹೆದರಿದಷ್ಟೂ ಉಸಿರು ಕಟ್ಟುತ್ತದೆ."

ಬೊಬ್ಬೆ ನಿಂತಿತು. ಅವನು ಬೆಕ್ಕನ್ನು ಮೇಜಿನ ಮೇಲಿಟ್ಟು ಗೋಡೆಗೆ ಒರಗಿದ. ಸರಸ ಆಕ್ಸಿಜನ್ ಕೊಳವೆಯನ್ನು ಬೆಕ್ಕಿನ ಮೂಗಿನ ಹತ್ತಿರ ಹಿಡಿದಳು. ಪ್ರಾಪ್ತಿ ಶ್ವಾಸನಾಳ ಸಡಿಲಿಸುವ ಇಂಜೆಕ್ಷನ್ ಒಂದನ್ನು, ಸ್ಟೆರಾಯ್ಡ್ ಇನ್ನೊಂದನ್ನು ಚುಚ್ಚಿದಳು. ಅವಳ ತುಟಿಯಿಂದ ತೊಟ್ಟಿಕ್ಕಿದ ರಕ್ತ ಬೆಕ್ಕಿನ ಬಿಳಿ ರೋಮದ ಮೇಲೆ ಬಿತ್ತು. ಒರೆಸಲು ಹೋಗಲಿಲ್ಲ. ಈಗ ಅದನ್ನು ಮುಟ್ಟಿದಷ್ಟೂ ಅಪಾಯವೇ.

ಉಸಿರು ಹೊರಬಿಡುವಾಗಲೆಲ್ಲ ಬೆಕ್ಕಿನ ಹೊಟ್ಟೆ ಬಿಗಿದು ಹಿಂಡಿಕೊಳ್ಳುತ್ತಿತ್ತು, ಎದೆಯೊಳಗಿಂದ ಸುಂಯ್ ಎಂಬ ಸಣ್ಣ ಸೀಟಿ ಕೇಳುತ್ತಿತ್ತು. ಹತ್ತು ನಿಮಿಷ ಕಳೆಯಿತು, ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಗುವಾಗ ಬಾಯಿ ಮುಚ್ಚಿತು, ನಾಲಿಗೆಗೆ ಮೆಲ್ಲನೆ ಗುಲಾಬಿ ಬಣ್ಣ ಬಂತು. ಆಗ ಮುಂಡಪ್ಪ ಮುಖ ಮುಚ್ಚಿಕೊಂಡು ಅತ್ತ. "ಬೊಳ್ಳೀ, ಬೊಳ್ಳೀ" ಎಂದು ಬೆಕ್ಕಿನ ಹೆಸರು ಹಿಡಿದು ಬಿಕ್ಕಿದ. ಕ್ಷಮೆ ಮಾತ್ರ ಕೇಳಲಿಲ್ಲ.

ಅವನ ಹೆಂಡತಿ ಶಶಿಪ್ರಭಾ ಹಿಂದೆಯೇ ಆಟೋದಲ್ಲಿ ಬಂದಳು. ವೇಣೂರಿನಲ್ಲಿ ಹೋಟೆಲು ನಡೆಸುವವರು ಈ ಗಂಡಹೆಂಡತಿ. ಮೂರು ವಾರದ ಹಿಂದೆ ಫೋನು ಮಾಡಿದ್ದವಳು ಅವಳೇ. "ಬೆಕ್ಕು ವಾಂತಿ ಮಾಡುವ ಹಾಗೆ ಮಾಡ್ತದೆ ಡಾಕ್ಟ್ರೇ, ಏನೂ ಬರುವುದಿಲ್ಲ" ಎಂದಿದ್ದಳು. ಅವತ್ತು ಕ್ಲಿನಿಕ್ಕಿನ ಹೊರಗೆ ಎಂಟು ಜನ ಕಾಯುತ್ತಿದ್ದರು. ನೆಕ್ಕಿದ ಕೂದಲು ಹೊಟ್ಟೆಯಲ್ಲಿ ಸಿಕ್ಕಿರಬಹುದು, ಅದನ್ನು ಹೊರಹಾಕುವ ಪೇಸ್ಟ್ ಕೊಡಿ ಎಂದು ಪ್ರಾಪ್ತಿ ಫೋನಿಟ್ಟಿದ್ದಳು. ಏನೂ ಬರುವುದಿಲ್ಲ ಎಂಬ ಆ ಮಾತಿಗೇ ಅವಳ ಕಿವಿ ನೆಟ್ಟಗಾಗಬೇಕಿತ್ತು.

ಬೆಕ್ಕು ಹಾಗೆ ಮಾಡುವಾಗ ಮೊಬೈಲಿನಲ್ಲಿ ತೆಗೆದಿಟ್ಟ ವಿಡಿಯೋವನ್ನು ಶಶಿಪ್ರಭಾ ತೋರಿಸಿದಳು.

"ಕೂದಲುಂಡೆಯಾದರೆ ಹೊಟ್ಟೆಯಿಂದ ಓಕರಿಕೆ ಬರ್ತದೆ ಅಕ್ಕ," ಎಂದಳು ಪ್ರಾಪ್ತಿ, ಊದಿದ ತುಟಿಯಲ್ಲೇ. "ಬೆನ್ನು ಬಾಗ್ತದೆ, ಜೊಲ್ಲು ಸುರೀತದೆ, ಕೊನೆಗೆ ಕೂದಲೋ ನೊರೆಯೋ ಬೀಳ್ತದೆ. ಇಲ್ಲಿ ನೋಡಿ, ನೆಲಕ್ಕೆ ಅಂಟಿ ಕೂತು ಕುತ್ತಿಗೆ ಮುಂದೆ ಚಾಚಿದೆ. ಮೊಣಕೈ ಹೊರಗೆ. ಇದು ಒಣ ಕೆಮ್ಮು. ಕೆಮ್ಮಿ ಕೆಮ್ಮಿ ಕೊನೆಗೆ ಏನೋ ನುಂಗ್ತದೆ, ಅಷ್ಟೆ. ಇದು ಉಬ್ಬಸ. ಅವತ್ತೇ ಕರೆಸಿ ನೋಡಬೇಕಿತ್ತು. ನನ್ನ ತಪ್ಪು."

"ಕೇಳಿದಿಯಾ? ಅವಳೇ ಒಪ್ಪಿದಳು!" ಎಂದ ಮುಂಡಪ್ಪ.

ಪೊಲೀಸರಿಗೆ ಫೋನು ಮಾಡುತ್ತೇನೆಂದು ಸರಸ ಹಟ ಹಿಡಿದರೂ ಪ್ರಾಪ್ತಿ ಬೇಡವೆಂದಳು. ತನ್ನಿಂದ ಒಂದು ಜೀವ ಹೋಗುವುದರಲ್ಲಿತ್ತು, ಒಂದು ಏಟಿಗೆ ದೂರು ಕೊಡಲು ತನಗೇನು ಹಕ್ಕು ಎಂದು ಅವಳಿಗೆ ಅನ್ನಿಸಿತ್ತು.

ಬೊಳ್ಳಿ ಎರಡು ದಿನ ಕ್ಲಿನಿಕ್ಕಿನಲ್ಲೇ ಉಳಿಯಿತು. ಎಕ್ಸ್‌ರೇಯಲ್ಲಿ ಶ್ವಾಸನಾಳಗಳ ಗೋಡೆ ದಪ್ಪಗಾಗಿ ಬಿಳಿ ಬಳೆಗಳಂತೆ ಕಂಡಿತು. ಶ್ವಾಸಕೋಶದ ಹುಳವಿದೆಯೇ ಎಂದು ಮಲ ಪರೀಕ್ಷೆಯೂ ಆಯಿತು, ಇರಲಿಲ್ಲ. ಮನೆಯಲ್ಲಿ ಏನೇನು ಹೊಗೆ, ಏನೇನು ಧೂಳು ಎಂದು ಪ್ರಾಪ್ತಿ ಕೇಳಿದಾಗ ಶಶಿಪ್ರಭಾ ತಗ್ಗಿದ ದನಿಯಲ್ಲಿ ಹೇಳಿದಳು: ಸಂಜೆ ಮಂಚದಡಿ ಸೊಳ್ಳೆಬತ್ತಿ, ಬೆಕ್ಕು ಮಲಗುವುದೂ ಅಲ್ಲೇ. ಬೆಳಿಗ್ಗೆ ಊದುಬತ್ತಿ. ಬೆಕ್ಕಿನ ಕಕ್ಕಸಿನ ಡಬ್ಬಕ್ಕೆ ಮರದ ಮಿಲ್ಲಿನ ಹುಡಿ. ಕೋಣೆಯೊಳಗೆ ಗಂಡನ ಸಿಗರೇಟು. ಹೇಳುತ್ತಿದ್ದಂತೆ ಅವಳ ಸೆರಗು ಜಾರಿತು. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಕಪ್ಪುಗಟ್ಟಿತ್ತು. ಪ್ರಾಪ್ತಿ ನೋಡಿದಳು. ನೋಡಿದ್ದನ್ನು ಶಶಿಪ್ರಭಾಳೂ ನೋಡಿದಳು. ಅವಳು ಸೆರಗೆಳೆದುಕೊಂಡಳು; ಈ ಹೊಗೆ, ಹುಡಿ ಎಲ್ಲ ನಿಲ್ಲಿಸಬೇಕು ಎಂದಷ್ಟೇ ಪ್ರಾಪ್ತಿ ಚೀಟಿಯಲ್ಲಿ ಬರೆದಳು.

ಮುಂದಿನ ಭಾನುವಾರ ಸಂಜೆ ಪ್ರಾಪ್ತಿ ಸರಸಳನ್ನು ಕರೆದುಕೊಂಡು ವೇಣೂರಿಗೆ ಹೋದಳು. ಇನ್‌ಹೇಲರ್ ಕೊಡುವುದನ್ನು ಕಲಿಸಬೇಕಿತ್ತು. ಕೂಸುಗಳಿಗೆ ಬಳಸುವ ಮಾಸ್ಕಿನ ಕೊಳವೆಯನ್ನೇ ತಂದಿದ್ದಳು. ದಿನಕ್ಕೆರಡು ಸಲ ಸೇದಿಸುವ ಔಷಧಿ ಪರಿಣಾಮ ತೋರಲು ವಾರ ಎರಡು ವಾರ ಬೇಕು, ಅಲ್ಲಿಯವರೆಗೆ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆ ನಿಲ್ಲಿಸಬಾರದು, ಉಬ್ಬಸ ಬಂದ ಗಳಿಗೆಗೆ ಮಾತ್ರ ನೀಲಿ ಬಣ್ಣದ ಇನ್ನೊಂದು ಇನ್‌ಹೇಲರ್ ಎಂದು ವಿವರಿಸುತ್ತಿದ್ದಂತೆ ಮುಂಡಪ್ಪ ಹೋಟೆಲಿನಿಂದ ಬಂದ. ಬಂದವನೇ ಜೇಬು ತಡಕಿದ.

"ನನ್ನ ಸಿಗರೇಟ್ ಎಲ್ಲಿ?"

"ಬಾವಿಗೆ ಹಾಕಿದೆ," ಎಂದಳು ಶಶಿಪ್ರಭಾ. "ಸೊಳ್ಳೆಬತ್ತಿಯೂ ಬಾವಿಯಲ್ಲೇ ಉಂಟು."

ಅವನು ಚಹಾದ ಲೋಟ ಎತ್ತಿ ಗೋಡೆಗೆ ಬೀಸಿದ. ಗಾಜು ಸಿಡಿಯಿತು. ಬೊಳ್ಳಿ ಬೆಚ್ಚಿ ಮೂಲೆಗೆ ಹಾರಿ, ನೆಲಕ್ಕೆ ಅಂಟಿ ಕುತ್ತಿಗೆ ಚಾಚಿತು. ಕೆಮ್ಮು ಶುರುವಾಯಿತು. ಹಿಂದೆಯೇ ಸುಂಯ್ ಎಂಬ ಸೀಟಿ.

"ನೀಲಿಯದ್ದು ಅಕ್ಕ!" ಎಂದಳು ಪ್ರಾಪ್ತಿ. "ಚೆನ್ನಾಗಿ ಕುಲುಕಿ ಕೊಳವೆಗೆ ಒಂದು ಸಲ ಒತ್ತಿ. ಮಾಸ್ಕು ಮೂಗುಬಾಯಿ ಮುಚ್ಚುವ ಹಾಗೆ ಹಿಡೀರಿ. ಹತ್ತು ಉಸಿರು ಎಣಿಸಿ. ಒಂದು..."

ಶಶಿಪ್ರಭಾ ಮೊಣಕಾಲೂರಿ ಕುಳಿತು ಮಾಸ್ಕು ಹಿಡಿದಳು. ಮುಂಡಪ್ಪ ಹಿಂದಿನಿಂದ ಅವಳ ಜಡೆಗೆ ಕೈ ಹಾಕಿದ.

"ಗಂಡನಿಗಿಂತ ಬೆಕ್ಕು ದೊಡ್ಡದಾ ನಿನಗೆ?"

"ಎರಡು. ಮೂರು." ಎಣಿಸುತ್ತಿದ್ದವಳು ಈಗ ಶಶಿಪ್ರಭಾ. ತಲೆ ಹಿಂದಕ್ಕೆ ವಾಲಿದರೂ ಕೈ ಕದಲಲಿಲ್ಲ. ಬೆನ್ನಿಗೆ ಗುದ್ದು ಬಿತ್ತು. "ನಾಲ್ಕು." ಮತ್ತೊಂದು ಗುದ್ದು ಮುಖಕ್ಕೆ. "ಐದು."

ಪ್ರಾಪ್ತಿ ಅವನ ಮಣಿಕಟ್ಟಿಗೆ ಜೋತುಬಿದ್ದಳು. ಅವನು ಕೊಡವಿದಾಗ ಅವಳ ಭುಜ ಬಾಗಿಲ ದಾರಂದಕ್ಕೆ ಬಡಿಯಿತು. ಸರಸ ಅಡುಗೆಮನೆಯಿಂದ ದೋಸೆಕಾವಲಿ ತಂದು ಅವನ ಮೊಣಕಾಲಿಗೆ ಬೀಸಿದಳು. ಅವನು ಕೂಗಿ ಕುಸಿದ. ಇಬ್ಬರೂ ಸೇರಿ ಅವನನ್ನು ಅಂಗಳಕ್ಕೆ ದೂಡಿ ಚಿಲಕ ಹಾಕಿದರು. ಬಾಗಿಲಿಗೆ ದಬದಬ ಏಟು ಬೀಳುತ್ತಲೇ ಇತ್ತು.

"ಒಂಬತ್ತು. ಹತ್ತು," ಎಂದಳು ಶಶಿಪ್ರಭಾ. ಅವಳ ಮೂಗಿನಿಂದ ರಕ್ತ ಇಳಿಯುತ್ತಿತ್ತು. "ಸರಿ ಹಿಡಿದೆನಾ ಡಾಕ್ಟ್ರೇ?"

"ಸರಿ ಹಿಡಿದಿರಿ ಅಕ್ಕ."

ಬೊಳ್ಳಿಯ ಸೀಟಿ ಸಣ್ಣದಾಗುತ್ತಾ ಬಂತು. ಪ್ರಾಪ್ತಿ ಗೋಡೆಗೊರಗಿ ಅದನ್ನೇ ಕೇಳುತ್ತಾ ಕುಳಿತಳು. ಫೋನಿನಲ್ಲಿ ಮಾಡಿದ ತಪ್ಪು ತಪ್ಪೇ, ಅದನ್ನು ತೊಳೆಯಲಾಗದು. ಆದರೆ ಆ ತಪ್ಪಿನ ನೆವದಲ್ಲಿ ತಾನು ಬಾಯಿ ಮುಚ್ಚಿದ್ದು ಈ ಹೆಂಗಸಿನ ಬೆನ್ನಿನ ಮೇಲೆ ಬಿದ್ದಿತ್ತು. ಅವಳು ಮೊಬೈಲು ತೆಗೆದು ಪೊಲೀಸರಿಗೆ ಕರೆ ಮಾಡಿದಳು.

ಪೊಲೀಸರು ಬಂದು ಬರೆದುಕೊಂಡ ದೂರಿಗೆ ಮೂವರೂ ಸಹಿ ಹಾಕಿದರು. ಕ್ಲಿನಿಕ್ಕಿನಲ್ಲಿ ಬಿದ್ದ ಏಟನ್ನೂ ಪ್ರಾಪ್ತಿ ಬರೆಸಿದಳು. ತಾನು ಫೋನಿನಲ್ಲಿ ಹೇಳಿದ ತಪ್ಪು ಮಾತನ್ನೂ ಬಚ್ಚಿಡಲಿಲ್ಲ.

ಶಶಿಪ್ರಭಾ ಬೊಳ್ಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂಟ್ವಾಳದ ತಂಗಿಯ ಮನೆಗೆ ಹೋದಳು. ಅಲ್ಲಿ ಕಿಟಕಿಗಳಿಗೆ ಬಲೆ ಇದೆ, ಸೊಳ್ಳೆಬತ್ತಿ ಬೇಕಿಲ್ಲ. ಬೆಕ್ಕಿನ ಡಬ್ಬಕ್ಕೆ ಹರಿದ ಕಾಗದ. ಕಾಯಿಲೆ ಪೂರ್ತಿ ಗುಣವಾಗುವಂಥದ್ದಲ್ಲ ಎಂದು ಪ್ರಾಪ್ತಿ ಮೊದಲೇ ಹೇಳಿದ್ದಳು. ತಿಂಗಳ ಮೇಲೆ ಶಶಿಪ್ರಭಾ ಫೋನು ಮಾಡಿದಳು.

"ಎರಡು ಸಲ ಕೆಮ್ಮಿತು ಡಾಕ್ಟ್ರೇ. ನೀಲಿಯದ್ದು ಬೇಕಾಗಲಿಲ್ಲ. ವಿಡಿಯೋ ಕಳಿಸಿದ್ದೇನೆ."

ಹೊರಗೆ ಆರು ಜನ ಕಾಯುತ್ತಿದ್ದರು. ಪ್ರಾಪ್ತಿ ಕುರ್ಚಿ ಎಳೆದು ಕುಳಿತು, ವಿಡಿಯೋವನ್ನು ಕೊನೆಯವರೆಗೂ ನೋಡಿದಳು.