ಅರವತ್ತರ ಗೆರೆ

ಚನ್ನಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದೆ ಅಜರ್‌ನ ಆನ್‌ಲೈನ್ ಸೆಂಟರ್ ಇದೆ. ಆಧಾರ್ ಪ್ರಿಂಟು, ಪಹಣಿ, ಕೆಲಸದ ಅರ್ಜಿ ಎಲ್ಲವೂ ಅಲ್ಲೇ. ಈಚೆಗೆ ಅವನೊಂದು ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದುಕೊಂಡಿದ್ದ. ಕೆಲಸದ ಜಾಹೀರಾತಿನಲ್ಲಿ ಕೇಳಿರುವ ಮುಖ್ಯ ಪದಗಳನ್ನು ಒಂದು ಕಡೆ, ನಿಮಗೆ ಗೊತ್ತಿರುವ ವಿದ್ಯೆಗಳನ್ನು ಇನ್ನೊಂದು ಕಡೆ ಹಾಕಿದರೆ, ಎರಡರಲ್ಲೂ ಇರುವ ಪದಗಳನ್ನು ಎಣಿಸಿ ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಅರವತ್ತು ಮುಟ್ಟಿದರೆ ಹಸಿರು, ಅರ್ಜಿ ಹಾಕಬಹುದು. ಇಲ್ಲದಿದ್ದರೆ ಕೆಂಪು. ಯಂತ್ರ ಹೇಳಿತೆಂದರೆ ಜನ ಜಗಳವಾಡದೆ ಎದ್ದು ಹೋಗುತ್ತಾರೆ, ಅಜರ್‌ಗೂ ಅದು ಹಾಯಾಗಿತ್ತು.

ಅವತ್ತು ಹಾರೋಹಳ್ಳಿಯ ಕಾರ್ಖಾನೆಯೊಂದರ ಅರ್ಜಿಗೆ ಕೊನೆಯ ದಿನ. ತಪಾಸಣೆ ವಿಭಾಗಕ್ಕೆ ಒಬ್ಬರೇ ಬೇಕು. ಗೊಂಬೆ ಮಾಡುವವರ ಮನೆಯ ಹುಡುಗಿ ಅಸ್ರಾ ಅದಕ್ಕೆ ಅರ್ಜಿ ಹಾಕಲು ಬಂದಿದ್ದಳು. ಕಂಪನಿ ಬಸ್ಸು ಚನ್ನಪಟ್ಟಣದವರೆಗೆ ಬರುತ್ತದೆ ಎಂದು ತಿಳಿದ ಮೇಲೆಯೇ ಅಸ್ರಾಳ ಅಪ್ಪ ತಾಜ್ ಪಾಷಾ ಒಪ್ಪಿದ್ದು. ಬಸ್ಸಿಲ್ಲದ ಕೆಲಸವಾದರೆ ಅವರು ಕಳಿಸುವುದಿಲ್ಲ. ಹಾಗಾಗಿ ಅಸ್ರಾಗೆ ಇದು ಬಿಟ್ಟರೆ ಬೇರೆ ಇಲ್ಲ. ಅವಳ ಜೊತೆಗೆ ಡಿಪ್ಲೊಮಾ ಓದಿದ ಕೂಟಗಲ್‌ನ ಶ್ವೇತಳೂ ಇದೇ ಕೆಲಸಕ್ಕೆ ಬಂದಿದ್ದಳು.

ಜಾಹೀರಾತು ಕೇಳಿದ್ದು ಆರು: ಅಳತೆ ಮಾಡುವ ವರ್ನಿಯರ್, ಮೈಕ್ರೋಮೀಟರ್, ಡ್ರಾಯಿಂಗ್, ಲೇತ್, ಎಕ್ಸೆಲ್, ಇನ್‌ಸ್ಪೆಕ್ಷನ್. ಶ್ವೇತ ನಾಲ್ಕೇ ಬರೆಸಿದ್ದಳು: ವರ್ನಿಯರ್, ಡ್ರಾಯಿಂಗ್, ಎಕ್ಸೆಲ್, ಟೈಪಿಂಗ್. ಎಪ್ಪತ್ತೈದು ಬಂತು, ಹಸಿರು. ಅವಳು ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಹೇಳಿದಳು.

ಅಸ್ರಾ, ಜಾಹೀರಾತು ಕೇಳಿದ ಆರನ್ನೂ ಬರೆಸಿ, ಮನೆಯ ಗೊಂಬೆ ಕೆಲಸವನ್ನೂ ಬಿಡಲಿಲ್ಲ. ಅರಗು ಹಚ್ಚುವುದು, ಬಣ್ಣ ಕಲಸುವುದು, ಕೆತ್ತನೆ, ತಾಳೆಗರಿಯಿಂದ ಉಜ್ಜಿ ಪಾಲಿಶ್ ಮಾಡುವುದು, ಮರ ಆರಿಸುವುದು, ಪ್ಯಾಕಿಂಗ್. ಗೊಂಬೆ ಮಾಡುವವರ ಮನೆಯಲ್ಲಿ ಕೈಗೆ ಬಂದದ್ದನ್ನು ಒಂದೊಂದಾಗಿ ಹೆಸರಿಟ್ಟು ಹೇಳುವುದೇ ರೂಢಿ. ಒಟ್ಟು ಹನ್ನೆರಡು.

ಐವತ್ತು ಬಂತು. ಕೆಂಪು.

"ಕೇಳಿರೋದೆಲ್ಲಾ ನಂಗೆ ಬತ್ತದಲ್ಲ ಭಾಯ್?" ಅಂದಳು ಅಸ್ರಾ.

"ಗೊಂಬೆದು ಒಸಿ ತೆಗಿ. ಅದನ್ನ ಅವ್ರು ಕೇಳೇ ಇಲ್ಲ," ಅಂದ ಅಜರ್.

ಪ್ಯಾಕಿಂಗ್ ತೆಗೆದಳು. ಐವತ್ತೈದಕ್ಕೆ ಹತ್ತಿರ ಬಂತು. ಅರಗು ತೆಗೆದಳು. ಸರಿಯಾಗಿ ಅರವತ್ತು.

"ನೋಡ್ದಾ, ಬಂತು!" ಅಂದ ಅಜರ್, ತಾನೇ ಪರೀಕ್ಷೆ ಪಾಸಾದಂತೆ.

ಅಸ್ರಾಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಅರಗು ಹಚ್ಚಿ ಹಚ್ಚಿ ಬೊಬ್ಬೆ ಬಂದ ಬೆರಳು ಅವಳದು. ಬರುವುದನ್ನು ಬರುವುದಿಲ್ಲ ಎಂದರೆ ಅಂಕ ಏರುತ್ತದೆಯೇ? ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡು ಪಟ್ಟಿಯನ್ನೆಲ್ಲ ಅಳಿಸಿ, ಲೇತ್ ಎಂಬ ಒಂದೇ ಪದ ಉಳಿಸಿದಳು.

ನೂರಕ್ಕೆ ನೂರು.

"ಒಂದೇ ಒಂದು ಬಂದ್ರೆ ನೂರು, ಎಲ್ಲಾ ಬಂದ್ರೆ ಐವತ್ತು. ಇದ್ಯಾವ ಲೆಕ್ಕ ಭಾಯ್? ಒಳಗಡೆ ಹೆಂಗೆ ಬರ್ದಿದೀರ, ತೆಗ್ದು ತೋರ್ಸಿ."

ಅಜರ್ ಸ್ಕ್ರಿಪ್ಟ್ ತೆರೆದ. ಹೊಂದಿದ ಪದಗಳನ್ನು ಅವನು ಭಾಗಿಸಿದ್ದು ಅರ್ಜಿದಾರನ ಪಟ್ಟಿಯ ಉದ್ದದಿಂದ. ಕಾರ್ಖಾನೆ ಕೇಳಿದ್ದರಲ್ಲಿ ಎಷ್ಟು ಬರುತ್ತದೆ ಎಂದು ನೋಡಬೇಕಾದರೆ ಭಾಗಿಸಬೇಕಾದದ್ದು ಕಾರ್ಖಾನೆಯ ಪಟ್ಟಿಯಿಂದ. ಹೆಚ್ಚು ಬಲ್ಲವನಿಗೆ ಅದು ಇಷ್ಟು ದಿನ ಕಡಿಮೆ ಕೊಟ್ಟಿತ್ತು. ಅಜರ್ ಆ ಸಾಲನ್ನು ತಿದ್ದಿದ. ಅಸ್ರಾ ಹನ್ನೆರಡನ್ನೂ ಮತ್ತೆ ಬರೆದಳು, ಅರಗನ್ನು ಮೊದಲು. ನೂರು ಬಂತು, ಹಸಿರು.

"ನಂದೂ ಇನ್ನೊಂದ್ಸಲ ಹಾಕಣ್ಣ," ಅಂದಳು ಶ್ವೇತ.

ಆರರಲ್ಲಿ ಮೂರು. ಐವತ್ತು. ಕೆಂಪು.

ಅಸ್ರಾಳ ಮುಖ ಸಣ್ಣದಾಯಿತು. ತಾನು ಬಾಯಿ ಬಿಡದಿದ್ದರೆ ಇವಳ ಹಸಿರು ಹಾಗೇ ಇರುತ್ತಿತ್ತು. ಅವ್ವನಿಗೆ ಬೇರೆ ಹೇಳಿಯಾಗಿದೆ. ಶ್ವೇತ ಪರದೆಯ ಮೇಲಿನ ಕೆಂಪಿಗೆ ಬೆರಳಿಟ್ಟಳು.

"ಈ ಅರವತ್ತು ಕಂಪ್ನಿಯೋರು ಹೇಳಿದ್ದಾ ಅಜರಣ್ಣ?"

"ಇಲ್ಲ, ನಾನೇ ಇಟ್ಟಿದ್ದು."

"ಅರವತ್ತೇ ಯಾಕೆ?"

ಅಜರ್ ತಲೆ ಕೆರೆದುಕೊಂಡ. "ಅರವತ್ತು ಅಂದ್ರೆ ಫಸ್ಟ್ ಕ್ಲಾಸ್ ಅಲ್ವಾ..."

ಅಸ್ರಾಗೆ ನಗು ತಡೆಯಲಾಗಲಿಲ್ಲ. ಶ್ವೇತ ನಗಲಿಲ್ಲ.

"ಅಂಗಾರೆ ಇಬ್ರುದೂ ಕಳ್ಸಣ್ಣ. ಬ್ಯಾಡ ಅನ್ನೋದಾದ್ರೆ ಕೆಲ್ಸ ಕೊಡೋನು ಅನ್ಲಿ. ನೀನ್ಯಾಕೆ ಮೊದ್ಲೇ ಅಂತೀಯ?"

ಅಜರ್ ಎರಡೂ ಅರ್ಜಿಗಳನ್ನು ಕಳಿಸಿದ. ಬೆಳಗ್ಗೆ ಬೇರೊಂದು ಕೆಲಸಕ್ಕೆ ಬಂದು, ಕೆಂಪು ಕಂಡು ಎದ್ದುಹೋಗಿದ್ದ ಸಮೀವುಲ್ಲಾ ಅವನಿಗೆ ನೆನಪಾದ. ವೆಲ್ಡಿಂಗ್, ವೈರಿಂಗ್, ಡ್ರೈವಿಂಗ್, ಬೋರ್‌ವೆಲ್ ಮೋಟಾರು ಎಂದು ಎಲ್ಲ ಬರುವ ಮನುಷ್ಯ. ಫೋನಿನಲ್ಲಿ ಅವನ ನಂಬರು ಹುಡುಕುತ್ತಾ ಅಜರ್ ಗಡಿಯಾರ ನೋಡಿದ. ಆ ಕೆಲಸದ ಅರ್ಜಿ ಮಧ್ಯಾಹ್ನಕ್ಕೇ ಮುಚ್ಚಿತ್ತು.