ಭಾಗ್ಯನಗರದ ಆರು ಫೂಟಿನ ಸಂಪು

"ಹೆಣ್ಣಮಗಳ ಕೈಗೆ ಮೋಟರ್ ಕೊಟ್ರ ಇನ್ನೇನ ಆಗತೈತಿ? ಸುಟ್ಟ ಹೋತು!"

ಮೇಸ್ತ್ರಿ ಕೊಟ್ರಬಸಪ್ಪ ಭಾಗ್ಯನಗರದ ಓಣಿಗೆಲ್ಲ ಕೇಳುವಂತೆ ಹೀಗೆ ಕೂಗಿದನಂತೆ. ಸುದ್ದಿ ನಮ್ಮ ಅಂಗಡಿಗೆ ಬಂದಾಗ ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಬೋರ್ಡಿನ ಮೇಲೆ ‘ಚಾಂದಸಾಬ ಮತ್ತು ಮಗಳು, ಮೋಟರ್ ರಿಪೇರಿ’ ಎಂದಿದೆ. ಆ ಮಗಳು ಮುಬಾಶಿರಾ, ಅಂದರೆ ನಾನು. ಅಬ್ಬಾನ ಕೈ ನಡುಗತೊಡಗಿದ ಮೇಲೆ ವೈಂಡಿಂಗು, ಫಿಟ್ಟಿಂಗು ಎಲ್ಲ ನನ್ನದೇ.

ಸುಟ್ಟ ಪಂಪು ಪ್ರಭುರಾಜನ ಹೊಸ ಮನೆಯದು. ಸಂಪು ಅಗೆಯುವ ದಿನದಿಂದಲೇ ನನಗೂ ಮೇಸ್ತ್ರಿಗೂ ಜಟಾಪಟಿ. ನಾಲ್ಕು ಫೂಟಿನದು ಸಾಕು, ಓಣಿಯವರೆಲ್ಲ ಅಷ್ಟೇ ಮಾಡಿಸಿದ್ದಾರೆ ಎಂಬುದು ಅವನ ವಾದ. ಓಣಿ ನೋಡಿ ಸಂಪು ಕಟ್ಟುತ್ತಾರೇನು? ಮನೆಯಲ್ಲಿ ಆರು ಮಂದಿ. ಒಬ್ಬರಿಗೆ ದಿನಕ್ಕೆ ನೂರಿಪ್ಪತ್ತು ಲೀಟರ್. ನಳ ಬರುವುದು ಆರು ದಿನಕ್ಕೊಮ್ಮೆ. ಅಲ್ಲಿಗೇ ನಾಲ್ಕು ಸಾವಿರದ ಮುನ್ನೂರು ಲೀಟರ್ ದಾಟಿತು. ನಳ ಒಂದು ದಿನ ತಡವಾದರೆ? ಅದಕ್ಕೇ ಐದು ಸಾವಿರದ್ದು ಬೇಕು ಎಂದೆ. ಉದ್ದಗಲ ಆರಾರು ಫೂಟು, ನೀರು ಐದು ಫೂಟು, ಮೇಲೊಂದು ಫೂಟು ಖಾಲಿ. ಅವನಿಗೆ ಒಂದೂವರೆ ಎಚ್‌ಪಿ ಪಂಪು ಬೇಕಿತ್ತು. ಮೇಲಿನ ಟಾಕಿ ಇರುವುದು ಮೂವತ್ತೈದು ಫೂಟು ಎತ್ತರದಲ್ಲಿ, ಹಿಡಿಯುವುದು ಸಾವಿರ ಲೀಟರ್. ಅರ್ಧ ಎಚ್‌ಪಿ ಅದನ್ನು ಮುಕ್ಕಾಲು ತಾಸಿನಲ್ಲಿ ತುಂಬುತ್ತದೆ, ಇನ್ನೇನು ಬೇಕು? ಪ್ರಭುರಾಜ ನನ್ನ ಮಾತು ಕೇಳಿದ. ಮೇಸ್ತ್ರಿ ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ನಟ್ಟು ಬಿಚ್ಚುವ ಪಾನಾ, ಟೆಸ್ಟ್ ಬಲ್ಬು ತೆಗೆದುಕೊಂಡು ಹೊರಟೆ. ಅಲ್ಲಿ ಅರ್ಧ ಓಣಿ ನೆರೆದಿತ್ತು. ಪ್ರಭುರಾಜನ ತಾಯಿ ಶಂಕ್ರಮ್ಮ ಕಟ್ಟೆಯ ಮೇಲೆ ಸಪ್ಪಗೆ ಕೂತಿದ್ದಳು.

"ಬಾ ತಾಯಿ. ತಪ್ಪು ನಿಂದಾದ್ರ ಬೋರ್ಡಿನಾಗಿನ ‘ಮಗಳು’ ಅಳಸ್ತಿ?" ಎಂದ ಮೇಸ್ತ್ರಿ.

"ಅಳಸ್ತೀನ್ರಿ. ನಿಮ್ದಾದ್ರ ಮುಂಜಾನಿ ಕೂಗಿದಷ್ಟ ಜೋರಾಗಿ ಕೂಗ್ತೀರೇನು?"

"ಓಹೋ! ಕೂಗ್ತೀನಿ."

ಹೇಳಿಯೇಬಿಟ್ಟೆ. ಪಂಪು ಬಿಚ್ಚಿದೆ. ಸೀಲು ಸುಟ್ಟು ಪುಡಿಯಾಗಿತ್ತು. ಒಳಗಿನ ಚಕ್ರ ಕಾದು ಹಿಡಿದುಕೊಂಡಿತ್ತು. ತಿರುಗಲಾಗದ ಮೋಟಾರು ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ವೈಂಡಿಂಗು ಕರಕಲಾಗಿತ್ತು. ನೀರಿಲ್ಲದೆ ಓಡಿದ ಪಂಪಿನ ಗತಿಯೇ ಇದು. ಸೀಲನ್ನು ತಂಪಾಗಿಡುವುದು ನೀರೇ.

"ನೀರಿಲ್ದ ಓಡೈತ್ರಿ ಇದು."

"ಅದಕ್ಕಂತನ ನೀ ಫ್ಲೋಟ್ ಸ್ವಿಚ್ ಹಾಕಿದ್ದಿ! ನೀರ ಇಳದ್ರ ತಾನ ಬಂದ್ ಆಗತೈತಿ ಅಂದಿದ್ದಿ. ಯಾಕ ಆಗಲಿಲ್ಲ?"

ಜನ ನಕ್ಕರು. ಪ್ರಶ್ನೆ ಸರಿಯಾಗಿಯೇ ಇತ್ತು, ಹಾಳಾದವನು! ಸಂಪಿನ ಮುಚ್ಚಳ ಸರಿಸಿ ಬ್ಯಾಟರಿ ಬಿಟ್ಟೆ. ಗೃಹಪ್ರವೇಶಕ್ಕೆ ಮೂರು ದಿನ ಅರವತ್ತು ಮಂದಿ ಬಂದುಹೋಗಿದ್ದರು. ಆರು ಮಂದಿಯ ನೀರು ಎಲ್ಲಿ ಉಳಿದೀತು? ತಳದಲ್ಲಿ ಗೇಣು ನೀರೂ ಇರಲಿಲ್ಲ. ಆದರೆ ತಳದಲ್ಲಿ ಜೋತಾಡಬೇಕಿದ್ದ ಫ್ಲೋಟು ನನ್ನ ಮೂಗಿನ ಮುಂದೆಯೇ ಇತ್ತು. ಬಾಯಿಯ ಹತ್ತಿರದ ಕಬ್ಬಿಣದ ಮೆಟ್ಟಿಲಿಗೆ ಅರಿಷಿಣದ ದಾರದಿಂದ ಬಿಗಿಯಾಗಿ ಕಟ್ಟಿತ್ತು.

ಮೋಟಾರಿನ ಜಾಗದಲ್ಲಿ ಬಲ್ಬು ಜೋಡಿಸಿ ಸ್ವಿಚ್ ಹಾಕಿದೆ. ಬಲ್ಬು ಝಗ್ಗನೆ ಹತ್ತಿತು.

"ನೋಡ್ರಿ, ಸಂಪು ಖಾಲಿ, ಆದ್ರೂ ಕರೆಂಟ್ ಬರಾಕತ್ತೈತಿ. ಫ್ಲೋಟ್ ಮ್ಯಾಲಿದ್ರ ನೀರ ತುಂಬೈತಿ ಅಂತ ಅದಕ್ಕ ಲೆಕ್ಕ. ಈಗ ನೋಡ್ರಿ."

ದಾರ ಕತ್ತರಿಸಿದೆ. ಫ್ಲೋಟು ಕೆಳಗೆ ಜೋತುಬಿತ್ತು. ಬಲ್ಬು ಆರಿತು.

"ಯಾರು ಕಟ್ಟಿದ್ರಿ ಇದನ್ನ?"

ಮೇಸ್ತ್ರಿ ಆಕಾಶ ನೋಡಿದ. ಎದ್ದು ಬಂದವಳು ಶಂಕ್ರಮ್ಮ.

"ಗಂಗಿ ಪೂಜಿ ಮುಂದ ಕೊಡದ ಹಗ್ಗಕ್ಕ ಅದು ತೊಡಕಾಕತ್ತಿತ್ತು. ಸರಸ್ರಿ ಅಂದಾಕಿ ನಾನ. ಕಳಸದ ದಾರ ಹರದು ಕಟ್ಟಿದಾಂವ ಈ ಮೇಸ್ತ್ರಿ. ಬಿಚ್ಚೂದ ಇಬ್ರೂ ಮರತ್ವಿ. ನಂದು ತಪ್ಪಾತವ್ವ ಮುಬಾಶಿರಾ." ಮೇಸ್ತ್ರಿಯತ್ತ ತಿರುಗಿದಳು. "ಈಗ ಕೂಗೋ!"

ಅವನು ಗಂಟಲಲ್ಲೇ ಏನೋ ಗೊಣಗಿದ.

"ಕೇಳಸಲಿಲ್ರಿ ಮೇಸ್ತ್ರಿ. ಮುಂಜಾನಿ ಧ್ವನಿ ಎಲ್ಲಿ ಹೋತು?" ಎಂದೆ ನಾನು.

ಕೊಟ್ರಬಸಪ್ಪ ಗೇಟಿನವರೆಗೆ ಹೋದ. ಕೆಮ್ಮಿದ. "ಮೋಟರ್ ಸುಟ್ಟದ್ದು ನನ್ನ ಕೈಯಾಗ! ಚಾಂದಸಾಬನ ಮಗಳದು ತಪ್ಪಿಲ್ಲ!"

ಕೇಳಿ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ?

ಸುಟ್ಟ ಮೋಟಾರು ಹೊತ್ತು ಅಂಗಡಿಗೆ ಬಂದರೆ, ಅಬ್ಬಾ ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಪಂದ್ಯದ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಡುಗುವ ಕೈಯಲ್ಲಿ ದೊಡ್ಡ ಪಾನಾ.

"ಇಲ್ಲ್ಯಾಕ ಕುಂತಿ ಅಬ್ಬಾ, ಬಿಸಲಾಗ?"

"ನೀ ಗೆದ್ದರ ಗೆಲ್ಲು, ಸೋತರ ಸೋಲು," ಎಂದ ಅಬ್ಬಾ. "ಆ ಅಕ್ಷರ ಅಳಸಾಕ ಯಾಂವ ಬರ್ತಾನ ನೋಡೂಣಂತ ಕುಂತೀನಿ."